ಬಾಗಿಲು, ಬಾವಿ, ಬಾಳೆ

ಎಂಬತ್ತರ ದಶಕದಲ್ಲಿ ಯಶವಂತಪುರದ ಮುದ್ರಣಾಲಯವೊಂದರಲ್ಲಿ ನಾನು ಪುಸ್ತಕಗಳಿಗೆ ಪದಸೂಚಿ ಮಾಡುತ್ತಿದ್ದೆ. ಓದುಗ ಹುಡುಕುವಂಥ ಪದಕ್ಕೊಂದು ಚೀಟಿ, ಅದರ ಮೇಲೆ ಪುಟಸಂಖ್ಯೆ; ಕಂಡ ಪದವನ್ನೆಲ್ಲ ತುರುಕುವವರನ್ನು ಕಂಡರೆ ನನಗಾಗದು. ರಾಜಾನುಕುಂಟೆಯ ಮೇಷ್ಟ್ರೊಬ್ಬರ ಊರ ಚರಿತ್ರೆಗೆ ಚೀಟಿಗಳನ್ನು ಅಕಾರಾದಿಯಾಗಿ ಜೋಡಿಸುವಾಗ ನನ್ನದೇ ಅಕ್ಷರದ ಒಂದು ಚೀಟಿ ಸಿಕ್ಕಿತು: ‘ಬಾವಿ, ಮುಚ್ಚಿದ: ೨೧೪’. ಬರೆದ ನೆನಪಿಲ್ಲ. ಪುಸ್ತಕವಿದ್ದದ್ದೇ ೨೧೨ ಪುಟ. ನನ್ನನ್ನೇ ಬೈದುಕೊಂಡು ಬುಟ್ಟಿಗೆಸೆದೆ.

ಮಧ್ಯಾಹ್ನ ಮೇಷ್ಟ್ರು ಎರಡು ಹಾಳೆ ಹಿಡಿದು ಬಂದರು. “ಕೊನೇಲಿ ಇದನ್ನೂ ಸೇರಿಸ್ಬಿಡಿ. ನಮ್ಮಪ್ಪ ಹಿತ್ತಲ ಬಾವಿ ಯಾಕೆ ಮುಚ್ಚಿಸಿದ್ರು ಅಂತ ಇವತ್ತಿನವರೆಗೂ ನಾನು ಯಾರಿಗೂ ಹೇಳಿರ್ಲಿಲ್ಲ ಕಣ್ರೀ.”

ಚೀಟಿಯನ್ನು ಹೆಕ್ಕಿಟ್ಟುಕೊಂಡೆ. ಆ ಹಾಳೆಗಳ ಅಚ್ಚಿನ ಕರಡು ಬಂದ ಮೇಲೆ ‘ಬಾಗಿಲು’, ‘ಬಾಳೆ’ಗಳ ನಡುವೆ ಇಟ್ಟೆ. ಪುಟಸಂಖ್ಯೆ ತಿದ್ದಬೇಕಾಗಲಿಲ್ಲ.