ಊದುಗೊಳವೆ ಹಿಡಿದು ಕಲಿತ ಮಾತು

ಮನೆಯಲ್ಲಿ ಹುಲಿ, ಬೀದಿಯಲ್ಲಿ ಇಲಿ ಎಂಬ ಗಾದೆಯನ್ನು ನನ್ನನ್ನು ನೋಡಿಯೇ ಮಾಡಿರಬೇಕು. ಬೀದರಿನ ಮೈಲೂರಿನ ನಮ್ಮ ಮನೆಯಲ್ಲಿ ನಾನು ಬಾಯಿ ತೆರೆದರೆ ಆಚೆ ಓಣಿಯವರು ಕಿಟಕಿ ಮುಚ್ಚುತ್ತಿದ್ದರು. ಅಂಥವಳು ನಾಲ್ಕು ಜನರೆದುರು ಎದ್ದು ನಿಂತರೆ ಸಾಕು, ನಾಲಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು.

ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ನಾನು ಔರಾದಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಮಾಸ್ತರಿಕೆಗೆ ಸೇರಿದ್ದೂ ಹೊಸತು. ನಿಜಾಮರ ಕಾಲದಲ್ಲಿ ಓದಿದ್ದೆಲ್ಲ ಉರ್ದುವಿನಲ್ಲಿ. ಕನ್ನಡ ಅಂದರೆ ಅವ್ವನ ಜೊತೆ ಜಗಳಾಡುವ ಭಾಷೆ, ಅಜ್ಜಿ ಹೇಳಿಕೊಟ್ಟ ವಚನಗಳ ಭಾಷೆ. ಅಕ್ಷರವನ್ನೂ ಅಜ್ಜಿಯೇ ಬೂದಿಯಲ್ಲಿ ಬರೆಸಿ ಕಲಿಸಿದ್ದಳು. ಅಷ್ಟಕ್ಕೇ ನಾನು ದೊಡ್ಡ ಕನ್ನಡದವಳಾಗಿಬಿಟ್ಟೆ. ಸೇರ್ಪಡೆಯ ಸಂತೋಷಕ್ಕೆ ಬೀದರಿನಲ್ಲಿ ಸಭೆ ಇಟ್ಟಾಗ, ಶಿಕ್ಷಕಿಯರ ಪರವಾಗಿ ಮಾತಾಡು ಎಂದು ನನ್ನನ್ನೇ ಎಬ್ಬಿಸಿದರು.

ಒಬ್ಬ ಪಂಡಿತರು ಭಾಷಣ ಬರೆದುಕೊಟ್ಟರು. ಒಂದೊಂದು ಪದವೂ ಹಲ್ಲಿಗೆ ಕಲ್ಲು ಸಿಕ್ಕಂತೆ. ಹಾಸಿಗೆಯಲ್ಲಿ ಮಲಗಿಕೊಂಡು ಮನಸ್ಸಿನಲ್ಲೇ ಓದಿ ಓದಿ ಬಾಯಿಪಾಠ ಮಾಡಿದೆ. ಸಭೆಯ ದಿನ ಧೈರ್ಯಕ್ಕೆಂದು ಒಂದು ಎಲೆ ಅಡಿಕೆ ಹಾಕಿಕೊಂಡೆ. ಆ ಅಡಿಕೆಯ ಒಗರಿಗೆ, ಮೊದಲೇ ಒಣಗಿದ್ದ ಬಾಯಿ ಇನ್ನೂ ಬಿಗಿದುಕೊಂಡಿತು. ವೇದಿಕೆ ಹತ್ತಿ ಕಣ್ಣೆತ್ತಿ ನೋಡುತ್ತೇನೆ, ರುಮಾಲುಗಳ ಸಮುದ್ರ! ಪಂಡಿತರ ಮೊದಲ ವಾಕ್ಯವೇ ಹಾರಿಹೋಯಿತು. ಶಾಲೆಯಲ್ಲಿ ಕಲಿತ ರೂಢಿ ನೋಡಿ, ಬಾಯಿಂದ ಬಂದದ್ದು, “ಹಾಜರೀನೆ ಜಲ್ಸಾ!” ಕನ್ನಡ ನಾಡಿಗೆ ಸೇರಿದ ಸಂಭ್ರಮದ ಸಭೆಯಲ್ಲಿ ‘ಸಭಿಕರೇ’ ಎನ್ನುವುದಕ್ಕೆ ಉರ್ದುವಿನ ಸಂಬೋಧನೆ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೈಯಲ್ಲಿದ್ದ ಭಾಷಣದ ಕಾಗದ ಪಟಪಟ ಎನ್ನುತ್ತಿತ್ತು, ಒಂದು ಅಕ್ಷರವೂ ಕಣ್ಣಿಗೆ ನಿಲ್ಲಲಿಲ್ಲ. ಇಳಿದು ಬಂದವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಮನೆ ಸೇರಿದೆ. ನಾಚಿಕೆ ಎಂದರೆ ನಾಚಿಕೆ, ಭೂಮಿ ಬಾಯಿ ಬಿಡಬಾರದೇ ಅನ್ನಿಸಿತ್ತು.

ಅಲ್ಲಿಗೇ ಬಿಡಬಹುದಿತ್ತು. ಬಿಡಲಿಲ್ಲ, ಕಾರಣ ಒಬ್ಬ ಹುಡುಗಿ. ಔರಾದಿನ ನಮ್ಮ ಶಾಲೆಯಲ್ಲಿ ಇದ್ದದ್ದು ನಾಲ್ಕನೆಯ ಜಮಾತಿನವರೆಗೆ, ಅಂದರೆ ನಾಲ್ಕನೆಯ ತರಗತಿಯವರೆಗೆ ಮಾತ್ರ. ಅದು ಮುಗಿದರೆ ಹೆಣ್ಣುಮಕ್ಕಳ ಓದೂ ಮುಗಿಯಿತು, ಗಂಡುಮಕ್ಕಳ ಶಾಲೆಗೆ ಯಾರೂ ಕಳಿಸುತ್ತಿರಲಿಲ್ಲ. ನನ್ನ ವರ್ಗದಲ್ಲಿ ಒಬ್ಬಳಿದ್ದಳು, ಲೆಕ್ಕ ಹೇಳುವ ಮೊದಲೇ ಉತ್ತರ ಹೇಳುವವಳು. ಅವಳ ಅಜ್ಜ ಮೆಹಕರದ ಕಡೆ ಒಂದು ಮನೆತನ ನೋಡಿದ್ದಾನೆ, ಪರೀಕ್ಷೆ ಮುಗಿದ ಮೇಲೆ ಲಗ್ನ ಎಂದು ಸುದ್ದಿ ಬಂತು. ಆಗಲೇ, ಮೈಸೂರಿನ ಕಡೆಯಿಂದ ಬಂದ ಶಿಕ್ಷಣ ಇಲಾಖೆಯ ಹೊಸ ಸಾಹೇಬರು ಔರಾದಿಗೆ ಬಂದು ಊರವರ ಅಹವಾಲು ಕೇಳುತ್ತಾರೆ ಎಂದೂ ಗೊತ್ತಾಯಿತು. ನಮ್ಮ ದೊಡ್ಡ ಅಕ್ಕೋರಿಗೆ, ಅಂದರೆ ಮುಖ್ಯೋಪಾಧ್ಯಾಯಿನಿಗೆ, ಮರಾಠಿ, ಉರ್ದು ಚೆನ್ನಾಗಿ ಬರುತ್ತಿತ್ತು, ಕನ್ನಡ ಮಾತ್ರ ಸಂತೆಯ ನಾಲ್ಕು ಮಾತಿನಷ್ಟೇ.

“ಐದನೇ ಜಮಾತ ಕೇಳಬೇಕು. ಸಾಹೇಬರಿಗಿ ಕನ್ನಡದಾಗ ಹೇಳವ್ರು ನೀವೊಬ್ರೇ ಇದ್ದೀರಿ,” ಎಂದರು ಅವರು.

“ಬೀದರದಾಗ ನನ್ನ ಮರ್ಯಾದಿ ಹೋಗಿದ್ದು ಸಾಲದೇನ್ರಿ?” ಎಂದೆ.

“ಮರ್ಯಾದಿ ನಿಮ್ದು ಹೋಗ್ಯದ. ಹುಡುಗೀದು ಜನ್ಮ ಹೋಗ್ತದ.”

ಸೂಟಿಗೆ ಬೀದರಿಗೆ ಬಂದಾಗ ಅಪ್ಪನ ಮುಂದೆ ಅತ್ತುಬಿಟ್ಟೆ. ಅಪ್ಪ ವಕೀಲ. ವಕೀಲಿಕೆ ಹಿಡಿದಾಗಿನಿಂದ ಕೋರ್ಟು ಕಚೇರಿಯಲ್ಲಿ ಉರ್ದುವಿನಲ್ಲೇ ವಾದ ಮಾಡಿದವನು. ಅವನ ಗಂಟಲು ಕೇಳಿದರೆ ಎದುರು ಕಕ್ಷಿಯವರು ಬೆವರುತ್ತಿದ್ದರು. ಅವನಿಗೆ ಹೆದರಿಕೆ ಎಂದರೇನು ಗೊತ್ತು ಎಂದುಕೊಂಡಿದ್ದೆ.

“ಇವತ್ತಿಗೂ ಮೊದಲ ಮಾತು ಆಡೂತನ ನನ್ನ ಎದಿ ಧಡಧಡ ಅಂತದ ಮಗಳ,” ಎಂದ ಅಪ್ಪ. “ನಡುಕ ಪೂರಾ ಹೋಗಲಿ ಅಂತ ಕಾದ್ರ ಮುದುಕಿ ಆಗ್ತಿ. ಅದರ ಸಂಗಾಟನ ಮಾತಾಡಬೇಕು. ಎರಡು ಮಾತು ಆಡಿದ ಮ್ಯಾಲ ಅದೇ ಇಳೀತದ. ನಿನ್ನ ಭಾಷಣ ಕಣ್ಣಿಗಿ ಪಾಠ ಆಗಿತ್ತು, ಬಾಯಿಗಿ ಆಗಿರಲಿಲ್ಲ. ಏಳು, ನಿಂದುರು!”

ಹಾಗೆ ಶುರುವಾಯಿತು ನನ್ನ ತಾಲೀಮು. ಬರೆದು ಓದುವುದನ್ನು ಅಪ್ಪ ಮೊದಲೇ ಬೇಡ ಎಂದುಬಿಟ್ಟ. ಮೊದಲ ಮಾತು, ಕೊನೆಯ ಮಾತು ಮಾತ್ರ ಬಾಯಿಪಾಠ. ನಡುವೆ ಹೇಳಬೇಕಾದ ಸಂಗತಿಗಳು ಯಾವುವು ಎಂದು ತಲೆಯಲ್ಲಿಟ್ಟುಕೊಂಡು, ದಿನಾ ಬೇರೆ ಬೇರೆ ಮಾತಿನಲ್ಲಿ ಹೇಳಬೇಕು. ಒಂದು ಪದ ಮರೆತರೆ ಇನ್ನೊಂದು ಸಿಗುತ್ತದೆ, ಎಲ್ಲವೂ ನಿಂತುಹೋಗುವುದಿಲ್ಲ. ಅದೂ ಕುಳಿತಲ್ಲ, ನಿಂತು. ಪಿಸುಮಾತಿನಲ್ಲಲ್ಲ, ಅಂಗಳದಾಚೆಗೆ ಕೇಳುವಂತೆ.

ಉಸಿರಿನ ಪಾಠ ಮಾತ್ರ ಅವ್ವನದು. ನಾನು ಗಡಬಡಿಸಿ ಮಾತಾಡುವಾಗ ಧ್ವನಿ ಆಡಿನ ಮರಿಯಂತೆ ಕಂಪಿಸುತ್ತಿತ್ತು. ಒಲೆಯ ಮುಂದೆ ಕುಳಿತಿದ್ದ ಅವ್ವ, “ಉಸಿರೇ ಇಲ್ಲ, ದನಿ ಎಲ್ಲಿಂದ ಬರ್ತದ?” ಎಂದು ಊದುಗೊಳವೆಯನ್ನು ನನ್ನ ಕೈಗೆ ಕೊಟ್ಟಳು. “ಜೋರ್ಲೆ ಊದಿದ್ರ ಬೂದಿ ಕಣ್ಣಿಗಿ ಬರ್ತದ. ಸಾವಕಾಶ, ಉದ್ದಕ ಊದು.” ಹೊಟ್ಟೆಯಿಂದ ಉಸಿರು ತೆಗೆದುಕೊಂಡು, ಕೆಂಡ ಸಣ್ಣಗೆ ಕೆಂಪಾಗುವ ಹಾಗೆ ಉದ್ದಕ್ಕೆ ಬಿಡುವುದು. ನಾಲ್ಕೈದು ಸಲ ಊದಿದರೆ ಎದೆಯ ಬಡಿತ ತಾನಾಗಿ ತಣ್ಣಗಾಗುತ್ತಿತ್ತು. ಆಮೇಲೆ ಎದ್ದು ಮಾತಾಡಿದರೆ ಧ್ವನಿ ನನ್ನದೇ ಆಗಿರುತ್ತಿತ್ತು. ಈಗಲೂ ಹೊಗೆಯ ವಾಸನೆ ಬಂದರೆ ಆ ಅಡುಗೆಮನೆ, ಕಣ್ಣುಜ್ಜಿಕೊಳ್ಳುತ್ತ ನಗುವ ಅವ್ವ, ಹೊಸ್ತಿಲ ಮೇಲೆ ಚಾ ಬಸಿ ಹಿಡಿದು ಕುಳಿತ ಅಪ್ಪ ನೆನಪಾಗುತ್ತಾರೆ. ಈಗ ಇಬ್ಬರೂ ಇಲ್ಲ. ಆ ಒಲೆಯೂ ಇಲ್ಲ.

ಮಾತು ಸ್ವಲ್ಪ ನೆಟ್ಟಗಾಯಿತೆನ್ನುವಷ್ಟರಲ್ಲಿ ಅಪ್ಪ ಎದುರು ವಕೀಲನಾದ. ನಾನು ಮಾತಾಡುತ್ತಿದ್ದರೆ ಕೆಮ್ಮುವುದು, ಎದ್ದು ಹೋಗುವುದು, “ಹೆಣ್ಮಕ್ಕಳಿಗಿ ಐದನೇ ಜಮಾತ ಯಾಕ ಬೇಕು? ರೊಟ್ಟಿಗಿ ಲೆಕ್ಕ ಬೇಕೇನು?” ಎಂದು ಕೊಕ್ಕೆ ಹಾಕುವುದು. ನನಗೆ ಸಿಟ್ಟು ನೆತ್ತಿಗೇರುತ್ತಿತ್ತು.

“ಸಿಟ್ಟಿಗೇಳಬ್ಯಾಡ,” ಎನ್ನುತ್ತಿದ್ದ. “ಪ್ರಶ್ನಿ ಕೇಳಿದ್ರ ಸುಮ್ ನಿಂದುರು. ಉಸಿರು ಬಿಡು. ಆಮ್ಯಾಲ ಜವಾಬು. ನೀನು ಸುಮ್ ನಿಂತದ್ದು ನಿನಗ ಒಂದು ಯುಗ, ಕೇಳವ್ರಿಗಿ ಒಂದು ಗಳಿಗಿ.”

ಆಮೇಲೆ ಭಾಲ್ಕಿಗೆ ಕಳಿಸಿದ, ಸೋದರತ್ತೆಯ ಮನೆಗೆ. ಅಲ್ಲಿ ಸೋಮವಾರ ಸಂಜೆ ಓಣಿಯ ಹೆಂಗಸರೆಲ್ಲ ಸೇರಿ ಒಬ್ಬೊಬ್ಬರೂ ಒಂದು ವಚನ ಹೇಳಿ, ಅದರ ಮೇಲೆ ತಮಗೆ ತೋಚಿದ ಎರಡು ಮಾತು ಆಡಬೇಕು. ಬಾರದು ಎನ್ನುವಂತಿಲ್ಲ, ಅದು ಅಲ್ಲಿನ ಪದ್ಧತಿ. ಮನೆಯವರ ಮುಂದೆ ಬಂದ ಮಾತು ಪರರ ಮುಂದೆ ಮತ್ತೆ ನಡುಗಿತು. ಹಲ್ಲಿಲ್ಲದ ಒಬ್ಬ ಮುದುಕಿ ಮಾತ್ರ ನಾನು ಹೇಳಿದ್ದಕ್ಕೆಲ್ಲ ಹೂಂ, ಹೂಂ ಎಂದು ತಲೆಯಾಡಿಸುತ್ತಿದ್ದಳು. ಅವಳೊಬ್ಬಳಿಗೇ ಹೇಳುತ್ತಿದ್ದೇನೆ ಎಂದುಕೊಂಡೆ, ದಾರಿ ಸಿಕ್ಕಿತು. ಮುಂದಿನ ವಾರ ಅವಳನ್ನು ಬಿಟ್ಟು ಪಕ್ಕದವಳನ್ನೂ ನೋಡಲು ಧೈರ್ಯ ಬಂತು.

ಔರಾದಿಗೆ ಮರಳಿದ ಮೇಲೆ, ದಿನಾ ಶಾಲೆ ಬಿಟ್ಟ ನಂತರ, ಸಾಹೇಬರ ಸಭೆ ನಡೆಯಲಿದ್ದ ಶಾಲೆಯ ಕಟ್ಟೆಯ ಮೇಲೆಯೇ ನಿಂತು ಖಾಲಿ ಅಂಗಳಕ್ಕೆ ಭಾಷಣ ಮಾಡಿದೆ. ದೊಡ್ಡ ಅಕ್ಕೋರು ಬೇವಿನ ಮರದ ಬುಡದಲ್ಲಿ ಕುಳಿತು, ಕೇಳಿಸದಿದ್ದರೆ ಕೈ ಎತ್ತುತ್ತಿದ್ದರು.

ಸಾಹೇಬರು ಬಂದ ದಿನ ಎಲೆ ಅಡಿಕೆಯ ಕಡೆ ತಲೆ ಹಾಕಲಿಲ್ಲ. ಒಂದು ತಂಬಿಗೆ ನೀರು ಪಕ್ಕದಲ್ಲಿ ಇಟ್ಟುಕೊಂಡೆ, ಕಾಗದ ಹಿಡಿಯಲಿಲ್ಲ, ಬೆರಳುಗಳನ್ನು ಮೇಜಿನ ಅಂಚಿಗೆ ಊರಿದೆ. ಗಂಡಸರು ಮುಂದೆ, ಹೆಂಗಸರು ಹಿಂದೆ ಗೋಡೆಗೆ ಒರಗಿಕೊಂಡು. ಮೊದಲ ಸಾಲಿನಲ್ಲೇ ಆ ಹುಡುಗಿಯ ಅಜ್ಜ, ದೊಡ್ಡ ರುಮಾಲು ಸುತ್ತಿಕೊಂಡು ಕುಳಿತಿದ್ದ. ಬಾಯಿಪಾಠದ ಮೊದಲ ಮಾತು ಹೊರಗೆ ಬಿತ್ತು, ನಡುಗುತ್ತಲೇ ಬಿತ್ತು. ನಿಂತೆ. ಒಂದು ಗುಟುಕು ನೀರು ಕುಡಿದೆ. ಉದ್ದಕ್ಕೆ ಉಸಿರು ಬಿಟ್ಟೆ. ಮುಂದಿನದು ನಡುಗಲಿಲ್ಲ ಎಂದರೆ ಸುಳ್ಳು, ಆದರೆ ಕಡಿಮೆ ನಡುಗಿತು. ಆಮೇಲೆ ಮನೆಯ ಮಾತಿನಲ್ಲೇ ಹೇಳುತ್ತ ಹೋದೆ. ಎಂಥ ಬುದ್ಧಿಯ ಮಕ್ಕಳು ಹೇಗೆ ಅರ್ಧಕ್ಕೆ ನಿಂತುಹೋಗುತ್ತಾರೆ ಎಂದು. ಯಾರೂ ನಗಲಿಲ್ಲ.

ಸಾಹೇಬರು ಕನ್ನಡಕ ತೆಗೆದು ಕೇಳಿದರು, “ಎಲ್ಲಾ ಸರಿ ತಾಯಿ. ತರಗತಿ ಕೊಟ್ಟರೆ ಹೆಣ್ಣುಮಕ್ಕಳನ್ನ ಕಳಿಸ್ತಾರಾ? ನೀವು ಹೇಳಿದರೆ ಸಾಲದು, ಮನೆಯವರು ಹೇಳಬೇಕು.”

ಅಪ್ಪ ಇಷ್ಟೆಲ್ಲ ಕೊಕ್ಕೆ ಹಾಕಿದ್ದ, ಈ ಪ್ರಶ್ನೆ ಮಾತ್ರ ಹಾಕಿರಲಿಲ್ಲ! ಸುಮ್ಮನೆ ನಿಂತೆ, ಉಸಿರು ಬಿಟ್ಟೆ. ಆಮೇಲೆ ಗೋಡೆಯ ಕಡೆ ತಿರುಗಿ, “ಅವ್ವಾರ, ಯಾರ ಮಕ್ಕಳು ಬರ್ತಾರ, ಎದ್ದು ಹೇಳ್ರಿ,” ಎಂದೆ.

ಒಬ್ಬರೂ ಮಿಸುಕಲಿಲ್ಲ. ಮುಂದಿನ ಸಾಲಿನ ರುಮಾಲುಗಳೆಲ್ಲ ಹಿಂದಕ್ಕೆ ತಿರುಗಿ ನೋಡುತ್ತಿದ್ದವು. ಕೆಟ್ಟಿತು ಎಂದುಕೊಂಡೆ. ಆಗ ಆ ಹುಡುಗಿಯ ತಾಯಿ ಗೋಡೆ ಹಿಡಿದು ಎದ್ದಳು. ತುಟಿ ಅಲ್ಲಾಡಿತು, ಧ್ವನಿ ಬರಲಿಲ್ಲ.

“ಏನಂದ್ರಿ?” ಎಂದರು ಸಾಹೇಬರು.

ಅವಳು ಇನ್ನೇನು ಕೂತುಬಿಡುತ್ತಾಳೆ. ನಾನು ತಂಬಿಗೆ ಎತ್ತಿಕೊಂಡು ಕಟ್ಟೆ ಇಳಿದು ಅವಳ ಬಳಿಗೆ ಹೋದೆ. ಅವಳ ಬೊಗಸೆಗೆ ನೀರು ಹಾಕಿದೆ. ಅರ್ಧ ನೀರು ಬೆರಳಸಂದಿಯಿಂದ ಚೆಲ್ಲಿಹೋಯಿತು.

“ಗಡಬಡ ಬ್ಯಾಡ್ರಿ ಅವ್ವಾ. ಉಸಿರು ಬಿಡ್ರಿ. ಅಲ್ಲಿ ಯಾರನ್ನೂ ನೋಡಬ್ಯಾಡ್ರಿ, ನನಗ ಹೇಳ್ರಿ.”

ಅವಳು ನನ್ನ ಮುಖ ನೋಡಿದಳು. “ನನ್ನ ಮಗಳು ಬರ್ತಾಳ್ರಿ,” ಎಂದಳು. ಆಮೇಲೆ, ಅಂಗಳಕ್ಕೆಲ್ಲ ಕೇಳುವಂತೆ, “ಲಗ್ನ ಆಮ್ಯಾಲ ನೋಡಮು.”

ನನ್ನ ಕಣ್ಣು ತುಂಬಿತು. ಅವಳ ಪಕ್ಕದವಳು ಎದ್ದಳು. ಆಚೆಯ ಮೂಲೆಯಿಂದ ಇನ್ನಿಬ್ಬರು ಎದ್ದರು. ಸಾಹೇಬರು ಗುಮಾಸ್ತನಿಗೆ ಏನೋ ಹೇಳಿ ಬರೆಸಿದರು.

ಸಭೆ ಮುಗಿದ ಮೇಲೆ ಹುಡುಗಿಯ ತಾಯಿ ನನ್ನನ್ನು ಹಿಡಿದು ನಿಲ್ಲಿಸಿದಳು. “ಅಕ್ಕೋರ, ನೀವು ದಿನಾ ಕಟ್ಟಿ ಮ್ಯಾಲ ನಿಂತು ಕಲ್ತು ಮಾತಾಡಿದ್ರಿ. ನನಗ ಕಲಿಸದೇನೇ ಎಬ್ಬಿಸಿದ್ರಿ. ಜೀವ ಬಾಯಿಗಿ ಬಂದಿತ್ತು. ಮನ್ಯಾಗ ಮಾವ ಏನಂತಾರೋ ಏನೋ!” ಹೇಳಿ ಬಿರಬಿರನೆ ಹೋದಳು. ಅವಳಿಗೆ ಆ ಮನೆಯಲ್ಲಿ ಏನು ಕಾದಿದೆಯೋ ಎಂಬ ಭಯ ಆ ಬೇಸಿಗೆಯೆಲ್ಲ ನನ್ನನ್ನು ಕಾಡಿತು. ನನ್ನ ಭಾಷಣವನ್ನು ಹೊಗಳಿದವರ ಮಾತು ಒಂದೂ ರುಚಿಸಲಿಲ್ಲ.

ಜೂನಿನಲ್ಲಿ ಐದನೆಯ ಜಮಾತು ಶುರುವಾಯಿತು. ಮೊದಲ ದಿನ ಬಾಗಿಲಲ್ಲಿ ಆ ದೊಡ್ಡ ರುಮಾಲು ಕಂಡು ನನ್ನ ಎದೆ ಧಸಕ್ಕೆಂದಿತು. ಪಕ್ಕದಲ್ಲಿ ಹುಡುಗಿ ಎಣ್ಣೆ ಹಚ್ಚಿ ಜಡೆ ಹಾಕಿಕೊಂಡು ನಿಂತಿದ್ದಳು.

“ಹೆಸರು ಬರ್ಕೋರಿ,” ಎಂದ ಅಜ್ಜ, ನನ್ನ ಮುಖ ನೋಡದೆ. “ನಮ್ಮ ಸೊಸಿ ಮನ್ಯಾಗ ಅಂದಿದ್ರ ಬ್ಯಾರೆ ಮಾತಿತ್ತು. ಊರ ಮಂದಿ ಮುಂದ ನಿಂತು ಅಂದುಬಿಟ್ಟಾಳ. ಈಗ ಇಲ್ಲ ಅಂದ್ರ ನಮ್ಮ ಮನಿ ಮಾತಿಗಿ ಏನ್ ಕಿಮ್ಮತ್ತು?”