ಮೀರಾಸಾಬನ ಅರಿಶಿನ ಬಟ್ಟೆ

ಮೀರಾಸಾಬ ದಯೆಯಿಲ್ಲದ ಮನುಷ್ಯ. ಇದನ್ನು ನಾನು ಯಾರಿಂದಲೋ ಕೇಳಿ ಬರೆಯುತ್ತಿಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ಇಳಕಲ್ಲಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಶಾಲೆಯ ಹಿಂದಿನ ಗೋಡೆಯ ಆಚೆಗೆ ನೇಕಾರರ ಸೊಸಾಯಟಿಯೊಂದರ ಬಣ್ಣದ ಮನೆ. ಪ್ರಯೋಗಶಾಲೆಯ ಕಿಟಕಿ ತೆರೆದರೆ ಅದರ ಅಂಗಳ, ಬಾವಿ, ಕಲ್ಲಿನ ತೊಟ್ಟಿಗಳು ಎಲ್ಲ ಕಾಣುತ್ತಿದ್ದವು. ನಾಲ್ಕು ವರ್ಷ ಆ ಮನುಷ್ಯನನ್ನು ನೋಡಿದ್ದೇನೆ.

ಸೀರೆಯ ಮೈಯ ಹತ್ತಿ ನೂಲಿಗೆ ಕೆಂಪು ಬಣ್ಣ ಹಾಕುವುದಕ್ಕೆ ಕಾಸ್ಟಿಕ್ ಸೋಡಾ ಬೇಕು. ಬಣ್ಣ ಕೂತ ಮೇಲೆ ಆ ಕಾಸ್ಟಿಕ್ಕನ್ನು ಪೂರ್ತಿ ತೊಳೆದು ತೆಗೆಯಬೇಕು. ಉಳಿದರೆ ಸೆರಗಿನ ರೇಷ್ಮೆಯನ್ನು ಅದು ತಿನ್ನುತ್ತದೆ. ತೊಳೆಯುವುದು ಹೆಂಗಸರ ಕೆಲಸ. ಬಾವಿಯಿಂದ ನೀರು ಸೇದಬೇಕು, ನೂಲಿನ ಸುತ್ತುಗಳಾದ ಲಡಿಗಳನ್ನು ಅದ್ದಿ ಹಿಂಡಬೇಕು, ನೀರು ಚೆಲ್ಲಿ ಮತ್ತೆ ಸೇದಬೇಕು. ಒಂದು ತೊಟ್ಟಿ ಲಡಿಗೆ ಐದಾರು ಸಲ. ಕಾಸ್ಟಿಕ್ ನೀರಿನಲ್ಲಿ ಅವರ ಬೆರಳುಗಳ ತುದಿ ಸವೆದು ಗೆರೆಗಳೇ ಅಳಿಸಿಹೋಗಿದ್ದವು.

ತೊಳೆದದ್ದು ಸಾಕೋ ಇಲ್ಲವೋ ಎಂದು ಹೇಳುವವನು ಮೀರಾಸಾಬ. ಅವನ ಹೆಗಲ ಮೇಲೆ ಎರಡು ತುಂಡು ಬಟ್ಟೆ ಇರುತ್ತಿದ್ದವು. ಒಂದು ಬಿಳಿಯದು, ಇನ್ನೊಂದು ಅರಿಶಿನದ ನೀರಿನಲ್ಲಿ ಅದ್ದಿ ಒಣಗಿಸಿದ್ದು. ಲಡಿಯನ್ನು ಹಿಂಡಿ ಮೊದಲ ಹನಿಯನ್ನು ಬಿಳಿ ಬಟ್ಟೆಗೆ ಬಿಡುತ್ತಿದ್ದ. ಅಲ್ಲಿ ಕೆಂಪು ಕಂಡರೆ ಬಣ್ಣವೇ ಬಿಡುತ್ತಿದೆ ಎಂದು ಅರ್ಥ. ಅದು ಸ್ವಚ್ಛವಾಗಿದ್ದರೆ ಎರಡನೆಯ ಹನಿ ಅರಿಶಿನದ ಬಟ್ಟೆಗೆ. ಅಲ್ಲಿ ಕೆಂಪಾದರೆ ಕಾಸ್ಟಿಕ್ ಉಳಿದಿದೆ ಎಂದು ಅರ್ಥ.

"ದಿನಾ ಅರಿಷಿಣ ಹಚ್ತೀಯಲ್ಲ ಕಾಕಾ, ನಿನ್ನ ಬಟ್ಟಿ ಮದುವಿ ಯಾವಾಗ?" ಎಂದು ತೊಳೆಯುವವರಲ್ಲಿ ಹಿರಿಯಳಾದ ಶಿವಬಸವ್ವ ಕೆಣಕುತ್ತಿದ್ದಳು.

ಅವನು ನಗುತ್ತಿರಲಿಲ್ಲ. "ಕೆಂಪಾಗೇತಿ. ಬಾವಿಗಿ ನಡಿ."

"ಆರು ಸಲ ತೊಳದೇನಿ."

"ಏಳನೇದ್ದು ತೊಳಿ."

ತೊಳೆಯದೆ ತೊಳೆದೆ ಎಂದ ಒಬ್ಬಳನ್ನು ಅವನು ಮಧ್ಯಾಹ್ನದ ಬುತ್ತಿ ಬಿಚ್ಚುವ ಮೊದಲೇ ಹೊರಗೆ ಕಳಿಸಿದ. ಅವಳು ಬಾಗಿಲಲ್ಲಿ ಸಂಜೆಯವರೆಗೆ ಕೂತಿದ್ದಳು. ಅವನು ಆ ಕಡೆ ಕತ್ತು ಹೊರಳಿಸಲಿಲ್ಲ.

ನನ್ನ ಹುಡುಗಿಯರಿಗೆ ಅರಿಶಿನದ ಪಾಠವನ್ನು ಆ ಕಿಟಕಿಯಿಂದಲೇ ಮಾಡುತ್ತಿದ್ದೆ. ಸೀರೆಗೆ ಬಿದ್ದ ಸಾರಿನ ಕಲೆ ಸಾಬೂನು ಹಚ್ಚಿದರೆ ಕೆಂಪಾಗುವುದು ಅವರಿಗೆಲ್ಲ ಗೊತ್ತಿತ್ತು. ಏಕೆಂದು ಗೊತ್ತಿರಲಿಲ್ಲ. ಸಾಬೂನು ಎಣ್ಣೆ ಮತ್ತು ಕಾಸ್ಟಿಕ್ಕಿನಿಂದ ಆಗುತ್ತದೆ. ನೀರಿಗೆ ಬಿದ್ದಾಗ ಅದು ಕ್ಷಾರದ ಗುಣ ತೋರಿಸುತ್ತದೆ. ಅರಿಶಿನದ ಬಣ್ಣದ ಅಣು ಕ್ಷಾರದಲ್ಲಿ ಹೈಡ್ರೋಜನ್ ಕಳೆದುಕೊಳ್ಳುತ್ತದೆ. ಅಷ್ಟಕ್ಕೇ ಅದು ಹೀರುವ ಬೆಳಕು ಬೇರೆಯಾಗಿ ಕಣ್ಣಿಗೆ ಕೆಂಪು ಕಾಣುತ್ತದೆ. ಕ್ಷಾರ ತೊಳೆದುಹೋದರೆ ಅಥವಾ ನಿಂಬೆರಸ ಬಿದ್ದರೆ ಮತ್ತೆ ಹಳದಿ.

ಎಪ್ಪತ್ತೊಂಬತ್ತರ ಏಪ್ರಿಲಿನಲ್ಲಿ ನೇಕಾರರ ಮನೆಗಳಿಂದ ನೂಲು ವಾಪಸು ಬರತೊಡಗಿತು. ಮಗ್ಗದ ಮೇಲೆ ಎಳೆದರೆ ತಟ್ಟನೆ ತುಂಡಾಗುತ್ತಿತ್ತು. ನೂಲೇ ಕೊಳೆತಂತೆ ಇತ್ತು. ಸೊಸಾಯಟಿಯ ಮ್ಯಾನೇಜರ್ ಅಂದಾನಪ್ಪ ಅಂಗಳದಲ್ಲಿ ನಿಂತು ಮೀರಾಸಾಬನಿಗೆ ಹೇಳಿದ್ದು ನನ್ನ ತರಗತಿಗೂ ಕೇಳಿಸಿತು.

"ಯಾರ ಕೆಲಸ ಅದು ನಾಳಿ ಸಂಜಿ ಒಳಗ ಹೇಳು. ಆಕೀನ್ನ ತಗದ ಹಾಕ್ತೇನಿ. ಈ ಊರಾಗ ಯಾ ಸೊಸಾಯಟ್ಯಾಗೂ ಕೆಲಸ ಸಿಗಬಾರ್ದು, ಹಂಗ ಮಾಡ್ತೇನಿ."

ಮರುದಿನ ಶಾಲೆ ಬಿಟ್ಟ ಮೇಲೆ ಮೀರಾಸಾಬ ಪ್ರಯೋಗಶಾಲೆಯ ಬಾಗಿಲಿಗೆ ಬಂದ. ನಾಲ್ಕು ವರ್ಷದಲ್ಲಿ ಅದೇ ಮೊದಲು.

"ಅಕ್ಕಾರ, ಅರಿಷಿಣ ಸುಳ್ಳ ಹೇಳತೈತೇನ್ರಿ?"

"ಸುಳ್ಳು ಹೇಳುವುದಿಲ್ಲ. ಅರ್ಧ ಮಾತ್ರ ಹೇಳುತ್ತದೆ" ಎಂದೆ.

"ಅಂದ್ರ?"

ಅರಿಶಿನಕ್ಕೆ ಕ್ಷಾರ ಮಾತ್ರ ಗೊತ್ತಾಗುತ್ತದೆ. ಬರೀ ನೀರಿಗೂ ಅದು ಹಳದಿ, ಆ್ಯಸಿಡ್ಡಿಗೂ ಹಳದಿ. ಹಿಂದಿನ ವಾರ ಬೆಳಗಾವಿಗೆ ಹೋದವಳು ಪುಸ್ತಕದಲ್ಲಿ ಮಾತ್ರ ಕಂಡಿದ್ದ ಕೆಂಪು ಕೋಸನ್ನು ತರಗತಿಗೆಂದು ಕೊಂಡು ತಂದಿದ್ದೆ. ಅದನ್ನು ಹೆಚ್ಚಿ ಕುದಿಸಿ ನೇರಳೆ ಬಣ್ಣದ ರಸ ತೆಗೆದಿಟ್ಟಿದ್ದೆ. ಒಂದು ಲೋಟಕ್ಕೆ ನಿಂಬೆ ಹಿಂಡಿದೆ. ರಸ ಗುಲಾಬಿಯಾಯಿತು. ಇನ್ನೊಂದಕ್ಕೆ ಸಾಬೂನಿನ ನೀರು ಹಾಕಿದೆ. ಹಸಿರಾಯಿತು.

ಅವನು ಗುಲಾಬಿ ಲೋಟವನ್ನೇ ನೋಡುತ್ತ ನಿಂತ. "ಬಣ್ಣ ಕಟ್ಟಾಕ ಆ್ಯಸಿಡ್ ಇಟ್ಟೇವ್ರಿ ನಾವು" ಎಂದ. ಲೋಟವನ್ನು ಬೆಳಕಿಗೆ ಹಿಡಿದು, "ಅದರಾಗ ಒಂದೀಟ ಕಡೇ ನೀರಿಗಿ ಸುರದ್ರ?" ಎಂದ.

"ಉಳಿದ ಕಾಸ್ಟಿಕ್ ಸತ್ತುಹೋಗುತ್ತದೆ. ನಾಲ್ಕು ಸಲ ತೊಳೆಯುವುದು ತಪ್ಪುತ್ತದೆ. ನಿನ್ನ ಬಟ್ಟೆ ಹಳದಿಯಾಗಿಯೇ ಇರುತ್ತದೆ. ಹೆಚ್ಚಾದ ಆ್ಯಸಿಡ್ ನೂಲಿನಲ್ಲೇ ಉಳಿದು, ನೀರು ಆರಿದ ಹಾಗೆ ಕಟುವಾಗಿ ಹತ್ತಿಯನ್ನು ಮುರಿಯುತ್ತದೆ."

ಆ ತಿಂಗಳು ಬಾವಿಯಲ್ಲಿ ನೀರು ತಳಕ್ಕೆ ಇಳಿದಿತ್ತು. ಹಗ್ಗಕ್ಕೆ ಎರಡು ಮಾರು ಕೂಡಿಸಿದ್ದರು. ಒಂದು ಕೊಡ ಎಳೆದು ಹೆಂಗಸರು ರಾಟೆಯ ಕಂಬ ಹಿಡಿದು ನಿಲ್ಲುವುದನ್ನು ನಾನು ಕಿಟಕಿಯಿಂದ ನೋಡಿದ್ದೆ. ಅವನೂ ನೋಡಿದ್ದ.

ರಸದ ಬಾಟಲಿ ಹಿಡಿದು ಅವನ ಜೊತೆ ಹೋದೆ. ಇನ್ನೂ ನೇಕಾರರಿಗೆ ಕೊಡದೆ ಒಣಗಿಸಿಟ್ಟ ಹನ್ನೆರಡು ಕಟ್ಟು ಲಡಿ ಇದ್ದವು. ಪ್ರತಿ ಕಟ್ಟಿಗೂ ತೊಳೆದವಳು ತನ್ನ ಗುರುತಿನ ದಾರ ಕಟ್ಟಬೇಕೆಂದು ಅವನೇ ನಿಯಮ ಮಾಡಿದ್ದ. ಒಬ್ಬಳದು ಒಂದು ಗಂಟು, ಒಬ್ಬಳದು ಎರಡು, ಹೀಗೆ. ಮಗ್ಗಕ್ಕೆ ಹೋಗಿ ವಾಪಸು ಬಂದ ನೂಲಿನಲ್ಲಿ ಆ ದಾರ ಉಳಿದಿರಲಿಲ್ಲ. ಮೊದಲು ಬಾವಿಯ ನೀರಿಗೇ ರಸ ಹಾಕಿದೆ. ನೀಲಿಯಾಯಿತು, ತುಸು ಕ್ಷಾರವಿರುವ ನಮ್ಮ ಗಡಸು ನೀರಿಗೆ ಆಗಬೇಕಾದದ್ದೇ. ಆಮೇಲೆ ಪ್ರತಿ ಕಟ್ಟಿನಿಂದ ಒಂದು ಲಡಿ ತೆಗೆದು ಸ್ವಲ್ಪ ನೀರಿನಲ್ಲಿ ನೆನೆಸಿ ಹಿಂಡಿದ. ವಾಡಿಕೆಯಂತೆ ಮೊದಲು ಬಿಳಿ ಬಟ್ಟೆಗೆ ಬಿಟ್ಟು ಬಣ್ಣ ಬಿಡುತ್ತಿಲ್ಲವೆಂದು ನೋಡಿದ. ನಾನು ರಸ ಹಾಕುತ್ತ ಹೋದೆ. ಎಂಟು ಕಟ್ಟು ನೀಲಿ. ಒಂಬತ್ತನೆಯದು ಗುಲಾಬಿ. ಹತ್ತನೆಯದು ನೀಲಿ. ಕೊನೆಯ ಎರಡೂ ಗುಲಾಬಿ.

ಗುಲಾಬಿಯಾದ ಮೂರು ಕಟ್ಟಿನ ದಾರಕ್ಕೂ ಎರಡು ಗಂಟು.

ಶಿವಬಸವ್ವ ತೊಟ್ಟಿಯ ಹತ್ತಿರ ನಿಂತಿದ್ದಳು. ಒದ್ದೆ ಕೈಯನ್ನು ಸೀರೆಗೆ ಒರೆಸುತ್ತಿದ್ದಳು, ಒರೆಸಿದ ಮೇಲೂ ಒರೆಸುತ್ತಿದ್ದಳು.

"ಎಷ್ಟ ಹಾಕ್ದಿ?" ಎಂದ ಮೀರಾಸಾಬ.

"ಒಂದ್ ಬಟ್ಟಲ, ಕಾಕಾ. ಒಂದ್ಸಲ ಒಂದೀಟ ಜಾಸ್ತಿ ಆಗಿರಬೇಕು."

"ಯಾಕ?"

"ಯಾಕಂದ್ರ? ನೀ ಒಂದಿನ ಆ ಹಗ್ಗ ಜಗ್ಗಿ ನೋಡು."

ಬೀದಿಯ ಕಡೆಯಿಂದ ಅಂದಾನಪ್ಪನ ಸೈಕಲ್ಲು ಬಂತು. ಸ್ಟ್ಯಾಂಡ್ ಹಾಕುವ ಸದ್ದಾಯಿತು. ಮೀರಾಸಾಬ ಒಂದು ಕಟ್ಟನ್ನು ಬಾಯಿಯ ಹತ್ತಿರ ಎತ್ತಿ, ಗುರುತಿನ ದಾರವನ್ನು ಹಲ್ಲಿನಿಂದ ಕಡಿದ. ಎರಡನೆಯದನ್ನೂ ಕಡಿದ. ಮೂರನೆಯದನ್ನು ಕಡಿದು ಬಾಯಿ ಮುಚ್ಚುವಷ್ಟರಲ್ಲಿ ಅಂದಾನಪ್ಪ ಒಳಗೆ ಬಂದಿದ್ದ.

"ಸಿಕ್ಕಳೇನು? ಯಾರ ಗುರುತೈತಿ?"

ಮೀರಾಸಾಬ ಇಲ್ಲವೆಂದು ತಲೆಯಾಡಿಸಿದ.

"ಗುರುತ ಇಲ್ಲಂದ್ರ ನಿನ್ನ ಮ್ಯಾಲೇ ಬರತೈತಿ ನೋಡು. ಹಳದಿ ಐತಿ ಅಂತ ಪಾಸ್ ಮಾಡ್ದಾಂವ ನೀನ. ನಿನ್ನ ಹೆಸರ ಬರಕೊಳ್ಳಲೇನು?"

ಅವನು ಹೂಂ ಎನ್ನುವಂತೆ ಮತ್ತೊಮ್ಮೆ ತಲೆಯಾಡಿಸಿದ. ಬಾಯಿ ತೆರೆಯಲಿಲ್ಲ. ಮೂರು ದಾರಗಳೂ ಬಾಯಲ್ಲೇ ಇದ್ದವು.