ಕೌದಿ ಹಾಸಿದ ನೆಲ

ಸುರೇಬಾನದ ರಾಯವ್ವ ಎಪ್ಪತ್ತಾರರ ಮುದುಕಿ. ಹಳೆಯ ಸೀರೆ, ಧೋತರ ಏನು ಕೊಟ್ಟರೂ ಪದರ ಹಾಕಿ ಕೌದಿ ಹೊಲಿದುಕೊಡುತ್ತಾಳೆ. ನಾನು ಪಕ್ಕದ ಮನೆಯವನು, ನಿವೃತ್ತ ಪೋಸ್ಟ್‌ಮನ್. ನಲವತ್ತು ವರ್ಷ ಅವಳ ಕೌದಿ ಹೊದ್ದವನು, ಅವಳಿಂದ ಬೈಸಿಕೊಂಡವನು.

ಹೋದ ವರ್ಷ ಯುಗಾದಿಯ ಮುಂದೆ ಅವಳು ತಲೆ ತೊಳೆದುಕೊಳ್ಳುವಾಗ ಬಚ್ಚಲಲ್ಲಿ ಬಿದ್ದಳು. ಸೋಪು ಒಳಗೆ ಹೋದೀತೆಂದು ಕಣ್ಣು ಮುಚ್ಚಿದ್ದೇ ತಡ, ನೆಲವೇ ಸರಿದಂತಾಯಿತಂತೆ. ಮೊಣಕೈ ತರಚಿತು, ಎಲುಬು ಉಳಿಯಿತು. "ಪಿತ್ತ, ಮತ್ತೇನ" ಎಂದವನು ನಾನೇ. ನಮ್ಮೂರಲ್ಲಿ ರೋಗ ಹೇಳಲು ಯಾರೂ ಓದಬೇಕಿಲ್ಲ.

ಸೊಸೆ ಶೀತಲ್ ಹೆದರಿಬಿಟ್ಟಳು. ಮತ್ತೆ ಬಿದ್ದರೂ ಪೆಟ್ಟಾಗಬಾರದೆಂದು ಅತ್ತೆ ಹೊಲಿದ ಕೌದಿಗಳನ್ನೆಲ್ಲ ತೆಗೆದು, ಪಡಸಾಲೆಯಿಂದ ಬಚ್ಚಲಿನವರೆಗೆ ಎರಡೆರಡು ಪದರ ಹಾಸಿದಳು. ಓಣಿಯೆಲ್ಲ "ಸೊಸಿ ಅಂದರ ಹಿಂಗಿರಬೇಕು" ಎಂದಿತು. ಆ ಕೌದಿಗಳ ಮೇಲೆಯೇ ರಾಯವ್ವ ತಿಂಗಳೊಳಗೆ ಮತ್ತೆರಡು ಸಲ ಬಿದ್ದಳು.

ಮೊಮ್ಮಗಳು ಮಾಲಾ ಚೊಚ್ಚಲ ಹೆರಿಗೆಗೆ ಬಂದಿದ್ದಳು. ಕೂಸನ್ನು ತೊಟ್ಟಿಲಿಗೆ ಹಾಕಿದಾಗ ಮನೆಯ ಹಿರಿಯ ಹೆಣ್ಣು ಎದುರಿಗೆ ನಿಂತು, ಬಗ್ಗಿ, ಅದರ ಕಿವಿಯಲ್ಲಿ ಹೆಸರು ಹೇಳುವುದು ಆ ಮನೆಯ ಪದ್ಧತಿ. ಮಾಲಾಳ ಕಿವಿಯಲ್ಲಿ ಹೇಳಿದ್ದೂ ರಾಯವ್ವನೇ.

"ಈ ಸಲ ನೀವು ಬ್ಯಾಡ್ರಿ ಅತ್ತಿ. ತೊಟ್ಟಿಲ ಮ್ಯಾಲೆ ಬಿದ್ದಗಿದ್ದೀರಿ" ಎಂದಳು ಶೀತಲ್.

ಒಂದು ಮಾತಿಗೆ ಹತ್ತು ಮಾತು ಹಿಂತಿರುಗಿಸುವ ಮುದುಕಿ ಅಂದು ಸೂಜಿಗೆ ದಾರ ಪೋಣಿಸುತ್ತ ಕೂತಳು. ಪಿತ್ತವೆಂದಿದ್ದ ನಾನೇ ಈಗ ದವಾಖಾನೆಗೆ ಹೋಗೋಣ ಎಂದೆ.

ಮರುದಿನ ಅತ್ತೆ, ಸೊಸೆ, ನಾನು ಮೂವರೂ ರಾಮದುರ್ಗದ ಬಸ್ಸು ಹತ್ತಿದೆವು. ಡಾಕ್ಟರು ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿಪಿ ನೋಡಿದರು. ಶುಗರ್, ಕಣ್ಣು, ಕಿವಿ, ತಿನ್ನುವ ಗುಳಿಗೆ ಎಲ್ಲ ವಿಚಾರಿಸಿ, ವ್ಯಾಯಾಮ ಕಲಿಸುವ ಸಂಘಮಿತ್ರಾ ಅವರ ಬಳಿ ಕಳಿಸಿದರು. ಕಣ್ಣು ಬಿಟ್ಟು ಬರಿಯ ನೆಲದ ಮೇಲೆ ನಿಂತಾಗ ರಾಯವ್ವ ಗಟ್ಟಿ. ಕಣ್ಣು ಮುಚ್ಚಿದಾಗ ಸ್ವಲ್ಪ ತೂಗಾಡಿದಳು. ದಪ್ಪ ಸ್ಪಂಜಿನ ಮೇಲೆ ನಿಂತು ಕಣ್ಣು ಮುಚ್ಚಿದ ಕೂಡಲೇ ವಾಲಿಯೇಬಿಟ್ಟಳು. ಸಂಘಮಿತ್ರಾ ಹಿಡಿದುಕೊಂಡರು.

"ಕಿವಿಯ ಒಳಗ ತಕ್ಕಡಿಯಂಗ ಮೈಯ ತೋಲ ಹಿಡಿಯೋ ಸಣ್ಣ ಅಂಗ ಇರತಾವ್ರಿ ಅಜ್ಜಿ. ವಯಸ್ಸಾದಂಗ ಅವು ಸವೀತಾವು. ಒಲಿಗೆ ಮೂರು ಗುಂಡು ಇದ್ದಂಗ, ನಿಲ್ಲಾಕ ಕಿವಿ, ಕಣ್ಣು, ಪಾದ ಮೂರೂ ಬೇಕು. ನಿಮ್ಮ ಕಿವಿ ಗುಂಡು ಸಡಿಲ ಆಗೈತಿ. ಬಚ್ಚಲದಾಗ ಕಣ್ಣು ಮುಚ್ಚಿದ್ರಿ, ಇನ್ನೊಂದೂ ಹೋತು. ಮನ್ಯಾಗ ನೆಲ ಹೆಂಗೈತ್ರಿ?"

ಶೀತಲ್ ಹೆಮ್ಮೆಯಿಂದಲೇ ಕೌದಿಯ ವಿಷಯ ಹೇಳಿದಳು.

"ಅಯ್ಯ ಅಕ್ಕಾರ, ಮೆತ್ತಗಿದ್ದರ ಪಾದಕ್ಕ ನೆಲಾ ತಿಳಿಯಂಗಿಲ್ರಿ. ಅಂಚಿಗೆ ಕಾಲೂ ತೊಡರತೈತಿ."

ಶೀತಲ್ ಅಲ್ಲೇ ಅತ್ತುಬಿಟ್ಟಳು. ರಾಯವ್ವ ಅವಳ ಬೆನ್ನು ಸವರಿ, "ಸುಮ್ಕಿರ. ಹಾಸಿದಾಕಿ ನೀ, ಹೊಲಿದಾಕಿ ನಾ" ಎಂದಳು.

ಅಂದೇ ಕೌದಿಗಳು ಬಟ್ಟೆ ಹಾಕುವ ಗಳುವಿಗೆ ಏರಿದವು. ಬಚ್ಚಲಿಗೆ ಗೋಡೆಯಲ್ಲಿ ಕಬ್ಬಿಣದ ಹಿಡಿಕೆ, ಕೂತು ಸ್ನಾನ ಮಾಡಲು ಸ್ಟೂಲು, ಜಾರದ ಒರಟು ಕಲ್ಲು ಬಂದವು. ಎತ್ತರದ ಹೊಸ್ತಿಲಿಗೆ ಎದ್ದು ಕಾಣುವ ಹಳದಿ ಬಣ್ಣ, ಬಚ್ಚಲ ದಾರಿಗೆ ಸದಾ ಉರಿಯುವ ಸಣ್ಣ ಬಲ್ಬು. ವ್ಯಾಯಾಮ ದಿನಕ್ಕೆ ಎರಡು ಮೂರು ಸಲ. ತೋಳು ಚಾಚಿ, ಹೆಬ್ಬೆರಳಿನ ಮೇಲೆ ನೋಟ ನೆಟ್ಟು ತಲೆಯನ್ನು ಎಡಕ್ಕೆ ಬಲಕ್ಕೆ ಆಡಿಸಬೇಕು. ಕುರ್ಚಿಯಿಂದ ಎದ್ದು ಕೂರಬೇಕು. ಗೋಡೆಯ ಮೂಲೆಯಲ್ಲಿ, ಮುಂದೆ ಕುರ್ಚಿ ಇಟ್ಟುಕೊಂಡು, ಪಾದ ಜೋಡಿಸಿ ನಿಲ್ಲಬೇಕು. ಪಕ್ಕದಲ್ಲಿ ಒಬ್ಬರು ಇರಲೇಬೇಕು. ಶೀತಲ್ ಹೊಲಕ್ಕೆ ಹೋದಾಗ ಆ ಕಾವಲು ನನ್ನದು.

ಮೊದಲ ವಾರ ತಲೆ ಆಡಿಸಿದರೆ ಹೆಬ್ಬೆರಳೇ ಕುಣಿಯುತ್ತದೆ, ವಾಕರಿಕೆ ಬರುತ್ತದೆ ಎಂದು ನನ್ನನ್ನೇ ಬೈದಳು. ನಿಧಾನಕ್ಕೆ ಮಾಡಿರೆಂದು ಸಂಘಮಿತ್ರಾ ಫೋನಿನಲ್ಲಿ ಹೇಳಿದರು. ಸವೆದದ್ದು ಮರಳಿ ಬೆಳೆಯದು, ಆದರೆ ಇರುವುದರಲ್ಲೇ ಸಂಭಾಳಿಸುವುದನ್ನು ಮಿದುಳು ಕಲಿಯುತ್ತದಂತೆ. ಎರಡನೆಯ ತಿಂಗಳಿಗೆ ಬೆರಳಿನ ಕುಣಿತ ನಿಂತಿತು. ಮೂರನೆಯ ತಿಂಗಳಿಗೆ ಮಾಲಾ ಹೆಣ್ಣು ಹೆತ್ತಳು.

ತೊಟ್ಟಿಲಿಗೆ ಹಾಕುವ ದಿನ ಮನೆ ತುಂಬ ಹೆಂಗಸರು. ರಾಯವ್ವ ಕೈ ಊರದೆ ಕುರ್ಚಿಯಿಂದ ಎದ್ದಳು, ಬರಿಗಾಲಲ್ಲಿ ಬರಿಯ ನೆಲದ ಮೇಲೆ ನಡೆದು ಬಂದಳು. ತೂಗುವ ತೊಟ್ಟಿಲನ್ನು ಹಿಡಿಯಲಿಲ್ಲ, ಪಕ್ಕದ ಕಂಬ ಹಿಡಿದಳು. ಪಾದ ಅಗಲಿಸಿ, ಕೂಸಿನ ಹಣೆಯ ಮೇಲೆ ನೋಟ ನೆಟ್ಟು ಮೆಲ್ಲಗೆ ಬಗ್ಗಿದಳು. ಅವಳ ಹಿಂದೆ ಶೀತಲ್ ಎರಡೂ ಕೈ ಚಾಚಿ ನಿಂತಿದ್ದಳು, ಮುಟ್ಟಿರಲಿಲ್ಲ.

ಕಿವಿಯಲ್ಲಿ ಹೇಳಿದ ಹೆಸರು ಎಂದಿನಂತೆ ಓಣಿಗೆಲ್ಲ ಕೇಳಿತು. ರಾಯವ್ವ ನೆಟ್ಟಗಾದಳು, ಹಿಂತಿರುಗಿಯೂ ನೋಡಲಿಲ್ಲ.

"ಕೈ ಇಳಸ ಶೀತಲ್, ನೋಯತಾವು" ಎಂದಳು.